ಒಂದೇ ಕ್ಯಾರೊಸೆಲ್, ಎರಡು ಜಾಲತಾಣ

ಚಿಕ್ಕಮಗಳೂರಿನ ಕಡೆಯ ಒಬ್ಬ ಕಾಫಿಪುಡಿ ತಯಾರಕರು ಒಂದು ವಿಷಯ ತಿಳಿಸಬೇಕೆಂದಿದ್ದಾರೆ ಎಂದುಕೊಳ್ಳೋಣ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕನಿಷ್ಠ ಶೇ. 51ರಷ್ಟು ಕಾಫಿ ಇರಲೇಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ಇದನ್ನು ಒಂದರ ನಂತರ ಒಂದು ಸರಿಸಿ ನೋಡುವ ಎಂಟು ಪುಟಗಳ ಕ್ಯಾರೊಸೆಲ್ ಮಾಡಿ ಲಿಂಕ್ಡ್‌ಇನ್‌ಗೂ ಇನ್‌ಸ್ಟಾಗ್ರಾಂಗೂ ಹಾಕಬೇಕು. ಅದನ್ನೇ ಎರಡೂ ಕಡೆ ಹಾಕಿದರೆ ಒಂದು ಕಡೆಯಂತೂ ಸೋಲುತ್ತದೆ.

ಲಿಂಕ್ಡ್‌ಇನ್‌ನಲ್ಲಿ ಇದು ಚಿತ್ರಗಳ ಸಾಲಲ್ಲ, ದಾಖಲೆ. ಪಿಡಿಎಫ್ ಕಡತವೊಂದನ್ನು ಏರಿಸುತ್ತೀರಿ, ಅದಕ್ಕೊಂದು ಶೀರ್ಷಿಕೆ ಕೊಡುತ್ತೀರಿ, ಓದುಗರು ಪುಟ ಸರಿಸುತ್ತಾರೆ. ಬೇಕಾದವರು ಇಳಿಸಿಕೊಂಡು ಕಚೇರಿಯಲ್ಲಿ ಹಂಚಬಹುದು. ಇಲ್ಲಿ ಓದುವವರು ಹೋಟೆಲ್ ಮಾಲೀಕರು, ವಿತರಕರು, ಪೊಟ್ಟಣ ಮುದ್ರಿಸುವವರು. ಇನ್‌ಸ್ಟಾಗ್ರಾಂನಲ್ಲಿ ಅದೇ ವಿಷಯ ಸಿಗುವುದು ಮನೆಯಲ್ಲಿ ಡಿಕಾಕ್ಷನ್ ಇಳಿಸುವವರಿಗೆ, ಅದೂ ಮದುವೆ ಫೋಟೊ, ಸಿನಿಮಾ ತುಣುಕುಗಳ ನಡುವೆ.

ಅಳತೆಯನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ, ಅದು ಸುಲಭ. ಅಗಲ 1080, ಎತ್ತರ 1350 ಪಿಕ್ಸೆಲ್, ಅಂದರೆ 4:5, ಎರಡೂ ಕಡೆ ನಡೆಯುತ್ತದೆ. ಸಭೆಗೆಂದು ಮಾಡಿದ ಅಡ್ಡ ಸ್ಲೈಡುಗಳನ್ನೇ ಪಿಡಿಎಫ್ ಮಾಡಿ ಏರಿಸುವುದು ಬಹಳ ಜನರ ಅಭ್ಯಾಸ. ಫೋನಿನಲ್ಲಿ ಅದು ತೆಳ್ಳನೆಯ ಪಟ್ಟಿಯಾಗಿ ಕಾಣುತ್ತದೆ, ಅಕ್ಷರ ಇರುವೆ ಸಾಲಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಮೊದಲ ಚಿತ್ರ ಯಾವ ಅನುಪಾತದಲ್ಲಿರುತ್ತದೋ ಉಳಿದವೆಲ್ಲ ಅದಕ್ಕೇ ಕತ್ತರಿಸಲ್ಪಡುತ್ತವೆ. ಮೊದಲನೆಯದು ಚೌಕವಾಗಿದ್ದು ಉಳಿದವು ಉದ್ದವಾಗಿದ್ದರೆ, ಅವುಗಳ ತಲೆಬರಹ ಮೇಲ್ತುದಿಯಲ್ಲೇ ಹಾರಿಹೋಗುತ್ತದೆ. ಇನ್ನೊಂದು ಬಲೆಯೂ ಇದೆ. 2025ರ ಆರಂಭದಲ್ಲಿ ಇನ್‌ಸ್ಟಾಗ್ರಾಂ ಪ್ರೊಫೈಲ್ ಪುಟದ ಚೌಕ ಚಿತ್ರಗಳನ್ನು 3:4ಕ್ಕೆ ಬದಲಿಸಿತು. 4:5 ಚಿತ್ರವನ್ನು ಅಲ್ಲಿ ತೋರಿಸುವಾಗ ಎಡಬಲಗಳಲ್ಲಿ ಸುಮಾರು 34 ಪಿಕ್ಸೆಲ್ ಮರೆಯಾಗುತ್ತದೆ. ಮೊದಲ ಪುಟದ ಅಕ್ಷರಗಳನ್ನು ಅಂಚಿನಿಂದ 100 ಪಿಕ್ಸೆಲ್ ಒಳಗಿಟ್ಟರೆ ಚಿಂತೆಯಿಲ್ಲ.

ಅಕ್ಷರದ ಗಾತ್ರಕ್ಕೆ ಒಂದು ಲೆಕ್ಕ ಹಾಕಿ. 1080 ಪಿಕ್ಸೆಲ್ ಅಗಲದ ಪುಟ ಫೋನಿನಲ್ಲಿ ಸುಮಾರು 7 ಸೆಂಟಿಮೀಟರ್ ಆಗುತ್ತದೆ. 24 ಪಿಕ್ಸೆಲ್‌ನ ಅಕ್ಷರ ಅಲ್ಲಿ ಒಂದೂವರೆ ಮಿಲಿಮೀಟರ್. 48 ಇಟ್ಟರೆ ಮೂರು ಮಿಲಿಮೀಟರ್, ಪತ್ರಿಕೆಯ ಅಕ್ಷರಕ್ಕೆ ಹತ್ತಿರ. ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಧಾಟಿಯ ವಿಚಾರವೇ ಕಷ್ಟದ್ದು. ಲಿಂಕ್ಡ್‌ಇನ್‌ನ ಮೊದಲ ಪುಟದಲ್ಲಿ ‘ಚಿಕೋರಿ ಪ್ರಮಾಣ: ಪೊಟ್ಟಣದ ಮೇಲೆ ಏನು ಬರೆಯಬೇಕು?’ ಎಂದು ನೇರವಾಗಿ ಹೇಳಿದರೆ, ಇದು ತನಗೆ ಬೇಕೇ ಬೇಡವೇ ಎಂದು ಓದುಗ ತಕ್ಷಣ ತೀರ್ಮಾನಿಸುತ್ತಾನೆ. ಮುಂದಿನ ಪುಟಗಳಲ್ಲಿ ನಿಯಮ, ಶೇಕಡಾವಾರು, ಸರಿಯಾದ ಮತ್ತು ತಪ್ಪಾದ ಪೊಟ್ಟಣದ ಮಾದರಿ ಬರಲಿ. ಪುಟಕ್ಕೆ ಮೂವತ್ತು ನಲವತ್ತು ಪದ ಇದ್ದರೂ ಜನ ಓದುತ್ತಾರೆ. ನಿಧಾನವಾಗಿ ಓದಲೆಂದೇ ಅವರು ನಿಂತಿರುತ್ತಾರೆ. ಆದರೆ ‘ಗೆಳೆಯರೇ, ಈ ರಹಸ್ಯ ಗೊತ್ತಾ?’ ಎಂದರೆ ವ್ಯಾಪಾರಿ ಮುಂದೆ ಸಾಗುತ್ತಾನೆ.

ಇನ್‌ಸ್ಟಾಗ್ರಾಂನಲ್ಲಿ ಮೊದಲು ಕಾಣಬೇಕಾದದ್ದು ಲೋಟ, ದವರ, ಹಬೆ. ಅದರ ಮೇಲೆ ‘ನಿಮ್ಮ ಪುಡಿಯಲ್ಲಿ ಕಾಫಿ ಎಷ್ಟಿದೆ?’ ಎಂಬ ಒಂದೇ ಸಾಲು. ಎರಡನೇ ಪುಟದಲ್ಲಿ ಪೊಟ್ಟಣ ತಿರುಗಿಸಿದ ಚಿತ್ರ, ‘ಇಲ್ಲಿ ನೋಡಿ’ ಎಂದು ಬಾಣದ ಗುರುತು. ಈ ಎರಡನೇ ಪುಟವನ್ನು ಹಗುರವಾಗಿ ಕಾಣಬೇಡಿ. ಮೊದಲ ಸಲ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಪೋಸ್ಟನ್ನು ಎರಡನೇ ಚಿತ್ರದಿಂದ ಮತ್ತೆ ತೋರಿಸುವುದುಂಟು. ಹಾಗಾಗಿ ಅದು ಮೊದಲನೆಯದರ ಆಸರೆಯಿಲ್ಲದೆ ಅರ್ಥವಾಗಬೇಕು. ನಿಯಮದ ಪಾಠವನ್ನು ಒಂದು ಪುಟಕ್ಕಿಳಿಸಿ, ಉಳಿದ ವಿವರ ಕೆಳಗಿನ ಬರಹಕ್ಕೆ ಹೋಗಲಿ. ಎಂಟು ಪುಟ ಐದಾಗುತ್ತದೆ. ಇಲ್ಲಿ 20ರವರೆಗೆ ಚಿತ್ರ ಹಾಕಬಹುದಾದರೂ, ಅವಕಾಶವಿದೆಯೆಂದು ತುಂಬಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಕಡೆಗೆ ಪಿಡಿಎಫ್ ಪರೀಕ್ಷೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದು, ಫಾಂಟ್ ಅಡಕ ಮಾಡದೆ ಉಳಿಸಿದರೆ ಓದುಗನ ಪರದೆಯಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬೀಳಬಹುದು. ಯೂನಿಕೋಡ್ ಬಳಸಿ, ಕಡತವನ್ನು ಆ ಫಾಂಟ್ ಇಲ್ಲದ ಬೇರೊಬ್ಬರ ಫೋನಿನಲ್ಲಿ ತೆರೆದು ನೋಡಿ. ಅನುಮಾನವಿದ್ದರೆ ಪ್ರತಿ ಪುಟವನ್ನೂ ಚಿತ್ರವಾಗಿಸಿ ಪಿಡಿಎಫ್‌ಗೆ ಜೋಡಿಸಿ. ಆಗ ಪಠ್ಯ ಹುಡುಕಲು ಸಿಗದು, ಆದರೆ ಕೆಡುವುದಿಲ್ಲ. ಈ ಪರೀಕ್ಷೆಯನ್ನು ಹಾಕುವ ಮುಂಚೆಯೇ ಮಾಡಿ, ಏಕೆಂದರೆ ಲಿಂಕ್ಡ್‌ಇನ್‌ನಲ್ಲಿ ಒಮ್ಮೆ ಪ್ರಕಟಿಸಿದ ದಾಖಲೆಯನ್ನು ಬದಲಿಸಲು ಬರುವುದಿಲ್ಲ. ಪೋಸ್ಟನ್ನೇ ಅಳಿಸಿ ಮತ್ತೆ ಹಾಕಬೇಕಾಗುತ್ತದೆ.