ಎಳೆ ಕಣ, ಬಲಿತ ಕಣ: ರಕ್ತ ಕ್ಯಾನ್ಸರಿನ ಎರಡು ವೇಗಗಳು

ಲ್ಯುಕೇಮಿಯಾ ಎಂದರೆ ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಯಲ್ಲಿ ಆರಂಭವಾಗುವ ಕ್ಯಾನ್ಸರ್. ಅದರಲ್ಲಿ ತೀವ್ರ ಮತ್ತು ದೀರ್ಘಕಾಲೀನ ಎಂದು ಎರಡು ದೊಡ್ಡ ಬಗೆಗಳಿವೆ. ಆಸ್ಪತ್ರೆಯ ಮಾತಿನಲ್ಲಿ ಅಕ್ಯೂಟ್, ಕ್ರಾನಿಕ್. ಇವು ಒಂದೇ ಕಾಯಿಲೆಯ ಮೊದಲ ಮತ್ತು ಕೊನೆಯ ಹಂತಗಳೆಂದು ಅನೇಕರು ತಿಳಿದಿರುತ್ತಾರೆ. ಆದರೆ ಇವು ಬೇರೆಬೇರೆ ಕಾಯಿಲೆಗಳು. ತೀವ್ರ ಲ್ಯುಕೇಮಿಯಾ ಹಳೆಯದಾಗುತ್ತ ದೀರ್ಘಕಾಲೀನವಾಗುವುದಿಲ್ಲ. ಕೆಟ್ಟ ಕಣಗಳು ಎಷ್ಟರಮಟ್ಟಿಗೆ ಬಲಿತಿವೆ ಎಂಬುದರ ಮೇಲೆ ಈ ವಿಂಗಡಣೆ ನಿಂತಿದೆ. ಕಾಯಿಲೆ ಓಡುವ ವೇಗವೂ ಬಹುಪಾಲು ಅಲ್ಲಿಂದಲೇ ಬರುತ್ತದೆ.

ಆರೋಗ್ಯವಂತರ ಮಜ್ಜೆಯಲ್ಲಿ ನಡೆಯುವುದನ್ನು ಮೊದಲು ನೋಡಬೇಕು. ಸೋಂಕಿನ ವಿರುದ್ಧ ಮುಂಚೂಣಿಯಲ್ಲಿ ಹೋರಾಡುವ ಬಿಳಿ ರಕ್ತಕಣಕ್ಕೆ ನ್ಯೂಟ್ರೋಫಿಲ್ ಎಂದು ಹೆಸರು. ವಯಸ್ಕರ ಮಜ್ಜೆ ಇಂಥ ಕಣಗಳನ್ನು ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ತಯಾರಿಸುತ್ತದೆ. ಈ ಸಾಲಿನಲ್ಲಿ ಗುರುತಿಸಬಹುದಾದ ಮೊದಲ ಕಣ ಮೈಲೋಬ್ಲಾಸ್ಟ್, ಚುಟುಕಾಗಿ ಬ್ಲಾಸ್ಟ್. ಅದು ದೊಡ್ಡ ನ್ಯೂಕ್ಲಿಯಸ್ಸಿನ ಎಳೆಯ ಕಣ. ರೋಗಾಣುವನ್ನು ನುಂಗುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದು ವಿಭಜನೆಯಾಗುತ್ತ, ಒಳಗೆ ಕಿಣ್ವ ತುಂಬಿದ ಹರಳುಗಳನ್ನು ಕಟ್ಟಿಕೊಳ್ಳುತ್ತ, ಪ್ರೋಮೈಲೋಸೈಟ್ ಮತ್ತು ಮೈಲೋಸೈಟ್ ಎಂಬ ಹಂತಗಳನ್ನು ದಾಟುತ್ತದೆ. ಮೈಲೋಸೈಟ್ ಹಂತ ಮುಗಿದ ಮೇಲೆ ವಿಭಜನೆ ನಿಲ್ಲುತ್ತದೆ. ಅಲ್ಲಿಂದಾಚೆಗೆ ಕಣ ಬಲಿಯುತ್ತದೆ, ರಕ್ತಕ್ಕೆ ಇಳಿಯುತ್ತದೆ, ತನ್ನ ಕೆಲಸ ಮಾಡಿ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಬಲಿಯುವುದು ಎಂದರೆ ಇಲ್ಲಿ ಒಟ್ಟಿಗೆ ಎರಡು ಬದಲಾವಣೆ. ಕಣಕ್ಕೆ ಕೆಲಸ ಮಾಡುವ ಶಕ್ತಿ ಬರುತ್ತದೆ, ಮತ್ತೆ ಮತ್ತೆ ಹುಟ್ಟಿಸುವ ಶಕ್ತಿ ಹೋಗುತ್ತದೆ. ಹೀಗಾಗಿ ಆರೋಗ್ಯವಂತ ಮಜ್ಜೆಯಲ್ಲಿ ಬ್ಲಾಸ್ಟ್‌ಗಳು ನೂರಕ್ಕೆ ಐದಕ್ಕಿಂತ ಕಡಿಮೆ ಇರುತ್ತವೆ. ರಕ್ತದಲ್ಲಂತೂ ಅವು ಕಾಣಿಸುವುದಿಲ್ಲ.

ತೀವ್ರ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಕಣದ ವಂಶವಾಹಿಗಳಲ್ಲಿ ಆದ ದೋಷದಿಂದ ಬಲಿಯುವ ದಾರಿಯೇ ಕಟ್ಟಿಹೋಗುತ್ತದೆ. ಬ್ಲಾಸ್ಟ್ ಬ್ಲಾಸ್ಟ್ ಆಗಿಯೇ ಉಳಿಯುತ್ತದೆ. ಇಂಥ ಕಣಗಳು ವಿಪರೀತ ವೇಗದಲ್ಲಿ ವಿಭಜನೆಯಾಗುತ್ತವೆ ಎಂಬುದು ಸಾಮಾನ್ಯ ಕಲ್ಪನೆ. ವಾಸ್ತವದಲ್ಲಿ ಅನೇಕ ರೋಗಿಗಳ ಬ್ಲಾಸ್ಟ್‌ಗಳು ಆರೋಗ್ಯವಂತ ಎಳೆ ಕಣಗಳಿಗಿಂತ ನಿಧಾನವಾಗಿಯೇ ವಿಭಜನೆಯಾಗುತ್ತವೆ. ತೊಂದರೆ ಇರುವುದು ಲೆಕ್ಕದ ಇನ್ನೊಂದು ಬದಿಯಲ್ಲಿ. ಬಲಿಯದ ಕಣ ಸಕಾಲದಲ್ಲಿ ಸಾಯುವುದೂ ಇಲ್ಲ. ಹುಟ್ಟಿದ್ದೆಲ್ಲ ಮಜ್ಜೆಯಲ್ಲೇ ರಾಶಿಯಾಗುತ್ತ ಹೋಗುತ್ತದೆ. ಬ್ಲಾಸ್ಟ್‌ಗಳು ನೂರಕ್ಕೆ ಇಪ್ಪತ್ತು ಅಥವಾ ಹೆಚ್ಚಾದರೆ ಸಾಮಾನ್ಯವಾಗಿ ಅದನ್ನು ತೀವ್ರ ಲ್ಯುಕೇಮಿಯಾ ಎಂದು ಕರೆಯಲಾಗುತ್ತದೆ. ಕೆಲವು ನಿರ್ದಿಷ್ಟ ವಂಶವಾಹಿ ದೋಷಗಳು ಕಂಡುಬಂದರೆ ಅಷ್ಟು ಪ್ರಮಾಣಕ್ಕೂ ಕಾಯುವುದಿಲ್ಲ.

ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾದ ದೋಷ ಬೇರೆ ಥರದ್ದು. 9 ಮತ್ತು 22ನೇ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡು ಬಿಸಿಆರ್-ಎಬಿಎಲ್ ಎಂಬ ಹೊಸ ವಂಶವಾಹಿ ಹುಟ್ಟುತ್ತದೆ. ಅದು ತಯಾರಿಸುವ ಕಿಣ್ವ ‘ವಿಭಜನೆಯಾಗು’ ಎಂಬ ಸಂಕೇತವನ್ನು ಬಿಡುವಿಲ್ಲದೆ ಕೊಡುತ್ತದೆ. ಆದರೆ ಬಲಿಯುವ ದಾರಿ ಮಾತ್ರ ತೆರೆದೇ ಇರುತ್ತದೆ. ಕಣಗಳು ಅತಿಯಾಗಿ ಹುಟ್ಟಿದರೂ ಹಂತ ಹಂತವಾಗಿ ನ್ಯೂಟ್ರೋಫಿಲ್ ಆಗುತ್ತವೆ ಮತ್ತು ಸಾಕಷ್ಟು ಕೆಲಸವನ್ನೂ ಮಾಡುತ್ತವೆ.

ಎರಡು ಕಾಯಿಲೆಗಳ ವೇಗದ ವ್ಯತ್ಯಾಸ ಇಲ್ಲಿಂದ ಅರ್ಥವಾಗುತ್ತದೆ. ತೀವ್ರ ಲ್ಯುಕೇಮಿಯಾದ ರೋಗಿಗೆ ಮೊದಲು ಎದುರಾಗುವ ಅಪಾಯ ಕೆಟ್ಟ ಕಣಗಳು ಹೆಚ್ಚಾದುದಕ್ಕಿಂತ ಒಳ್ಳೆಯ ಕಣಗಳು ಇಲ್ಲವಾದುದರಿಂದ ಬರುತ್ತದೆ. ಬ್ಲಾಸ್ಟ್‌ಗಳು ತುಂಬಿದ ಮಜ್ಜೆಯಲ್ಲಿ ಹೊಸ ರಕ್ತಕಣಗಳ ಉತ್ಪಾದನೆ ಕುಗ್ಗುತ್ತದೆ. ಆಮೇಲಿನದು ಹಳೆಯ ಕಣಗಳ ಆಯುಷ್ಯದ ಲೆಕ್ಕ. ನ್ಯೂಟ್ರೋಫಿಲ್‌ಗಳ ಆಯುಷ್ಯ ತೀರಾ ಕಡಿಮೆ, ಹಾಗಾಗಿ ಜ್ವರ ಮತ್ತು ಸೋಂಕು ಬೇಗ ಕಾಣಿಸುತ್ತವೆ. ಪ್ಲೇಟ್‌ಲೆಟ್ ಬದುಕುವುದು ಏಳರಿಂದ ಹತ್ತು ದಿನ, ಆದ್ದರಿಂದ ಒಸಡಿನಲ್ಲಿ ರಕ್ತ, ಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ಕೆಂಪು ಕಣ ಸುಮಾರು 120 ದಿನ ಇರುವುದರಿಂದ ರಕ್ತಹೀನತೆ ತುಸು ನಿಧಾನವಾಗಿ ಏರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಬದುಕು ವಾರಗಳ, ಹೆಚ್ಚೆಂದರೆ ಕೆಲವು ತಿಂಗಳುಗಳ ಮಾತು. ದೀರ್ಘಕಾಲೀನ ಬಗೆಯಲ್ಲಿ ಮಜ್ಜೆ ಕೆಲಸಕ್ಕೆ ಬರುವ ಕಣಗಳನ್ನು ಕೊಡುತ್ತಲೇ ಇರುತ್ತದೆ. ರೋಗಿ ತಿಂಗಳುಗಟ್ಟಲೆ ಏನೂ ಅರಿವಾಗದೆ ಓಡಾಡಿಕೊಂಡಿರಬಹುದು. ಗುಲ್ಮ ಊದಿ ಎಡಪಕ್ಕೆಯ ಕೆಳಗೆ ಭಾರವೆನಿಸಿದಾಗಲೋ, ಬೇರೆ ಯಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗಲೋ ಕಾಯಿಲೆ ಬೆಳಕಿಗೆ ಬರುತ್ತದೆ.

ಎರಡು ರಕ್ತ ವರದಿಗಳನ್ನು ಕಲ್ಪಿಸಿಕೊಂಡರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಬ್ಬರ ಬಿಳಿ ಕಣ ಪ್ರತಿ ಮೈಕ್ರೋಲೀಟರಿಗೆ 1,80,000, ಪ್ಲೇಟ್‌ಲೆಟ್ 5,20,000, ಹಿಮೋಗ್ಲೋಬಿನ್ 10.5. ಇನ್ನೊಬ್ಬರ ಬಿಳಿ ಕಣ 18,000, ಪ್ಲೇಟ್‌ಲೆಟ್ 22,000, ಹಿಮೋಗ್ಲೋಬಿನ್ 7. ಬಿಳಿ ಕಣದ ಸಾಮಾನ್ಯ ಮಿತಿ 4,000ದಿಂದ 11,000 ಎಂದು ಗೊತ್ತಿರುವ ಮನೆಯವರು ಮೊದಲ ವರದಿ ನೋಡಿ ಹೆಚ್ಚು ಹೆದರುವುದು ಸಹಜ. ಆದರೆ ಸೂಕ್ಷ್ಮದರ್ಶಕ ಬೇರೆಯೇ ಹೇಳುತ್ತದೆ. ಮೊದಲ ರೋಗಿಯ ರಕ್ತಲೇಪದಲ್ಲಿ ಬ್ಲಾಸ್ಟ್‌ನಿಂದ ನ್ಯೂಟ್ರೋಫಿಲ್‌ವರೆಗೆ ಎಲ್ಲ ಹಂತದ ಕಣಗಳೂ ಇವೆ. ಬಲಿತವೇ ಹೆಚ್ಚು, ಬ್ಲಾಸ್ಟ್ ನೂರಕ್ಕೆ ಎರಡು ಮಾತ್ರ. ಸಾಧಾರಣವಾಗಿ ತೀರಾ ವಿರಳವಾದ ಬೇಸೋಫಿಲ್ ಕಣಗಳೂ ಏರಿವೆ. ಇದು ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾದ ಚಿತ್ರ. ಎರಡನೆಯ ರೋಗಿಯಲ್ಲಿ ನೂರಕ್ಕೆ ಎಪ್ಪತ್ತು ಬ್ಲಾಸ್ಟ್, ನ್ಯೂಟ್ರೋಫಿಲ್ ನಾಲ್ಕು, ನಡುವಿನ ಹಂತಗಳು ಬಹುತೇಕ ಇಲ್ಲವೇ ಇಲ್ಲ. ಕೆಲವು ಬ್ಲಾಸ್ಟ್‌ಗಳ ಒಳಗೆ ಔಅರ್ ಕಡ್ಡಿ ಎಂಬ ಕೆಂಪು ಕಡ್ಡಿಗಳು ಕಂಡರೆ ಕಾಯಿಲೆ ಮೈಲಾಯ್ಡ್ ಸಾಲಿನದೆಂದು ತಿಳಿಯುತ್ತದೆ. 18,000ದಲ್ಲಿ ನೂರಕ್ಕೆ ನಾಲ್ಕು ಎಂದರೆ 720. ಹೋರಾಡಬಲ್ಲ ಕಣಗಳು ಇವರಿಗೆ ಉಳಿದಿರುವುದು ಇಷ್ಟೇ. ಅದೇ ದಿನ ಆಸ್ಪತ್ರೆಗೆ ಸೇರಬೇಕಾದವರು ಈ ಎರಡನೆಯವರು.

ಹೆಚ್ಚಿನ ಸಂಖ್ಯೆಯೂ ಕೆಲವೊಮ್ಮೆ ಅಪಾಯ ತರುತ್ತದೆ, ಅಲ್ಲಿಯೂ ಕಣದ ವಯಸ್ಸು ಮುಖ್ಯ. ಬ್ಲಾಸ್ಟ್ ದೊಡ್ಡದು, ಗಡುಸು. ಬಲಿತ ಕಣದಂತೆ ಬಾಗಿ ಬಳುಕಿ ಸಣ್ಣ ರಕ್ತನಾಳದಲ್ಲಿ ನುಸುಳಲಾರದು. ಬ್ಲಾಸ್ಟ್‌ಗಳ ಸಂಖ್ಯೆ ಲಕ್ಷ ದಾಟಿದರೆ ಶ್ವಾಸಕೋಶ ಮತ್ತು ಮೆದುಳಿನ ನಾಳಗಳಲ್ಲಿ ರಕ್ತ ಕಟ್ಟಿಕೊಳ್ಳಬಹುದು. ಬಲಿತ ಕಣಗಳು ಅಷ್ಟೇ ಇದ್ದರೂ ಹಾಗಾಗುವುದು ಅಪರೂಪ.

ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾ ಕೊನೆಯವರೆಗೂ ಶಾಂತವಾಗಿಯೇ ಇರುತ್ತದೆ ಎಂಬ ಭರವಸೆಯಿಲ್ಲ. ಹದ್ದಿಲ್ಲದೆ ವಿಭಜನೆಯಾಗುವ ಕಣಗಳಲ್ಲಿ ಹೊಸ ದೋಷಗಳು ಸೇರುತ್ತ ಹೋಗಿ, ಒಂದು ಘಟ್ಟದಲ್ಲಿ ಬಲಿಯುವ ದಾರಿಯೂ ಮುಚ್ಚಿಕೊಳ್ಳುತ್ತದೆ. ಬ್ಲಾಸ್ಟ್‌ಗಳು ಏರುತ್ತವೆ, ಪ್ಲೇಟ್‌ಲೆಟ್ ಕುಸಿಯುತ್ತದೆ, ವರ್ಷಗಳಿಂದ ನಿಧಾನವಾಗಿದ್ದ ಕಾಯಿಲೆ ತೀವ್ರ ಲ್ಯುಕೇಮಿಯಾದಂತೆ ವರ್ತಿಸತೊಡಗುತ್ತದೆ. ಇದಕ್ಕೆ ಬ್ಲಾಸ್ಟ್ ಕ್ರೈಸಿಸ್ ಎನ್ನುತ್ತಾರೆ. ಬಲಿಯುವಿಕೆಯೇ ವೇಗಕ್ಕೆ ಕಡಿವಾಣ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಹಿಂದೆ ಹೆಚ್ಚಿನ ರೋಗಿಗಳು ಮೂರರಿಂದ ಐದು ವರ್ಷಗಳಲ್ಲಿ ಈ ಘಟ್ಟ ಮುಟ್ಟುತ್ತಿದ್ದರು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್ ಎಂಬ ಮಾತ್ರೆ ಬಿಸಿಆರ್-ಎಬಿಎಲ್ ಕಿಣ್ವವನ್ನೇ ತಡೆಯುತ್ತದೆ. ಅದನ್ನು ತಪ್ಪದೆ ತೆಗೆದುಕೊಂಡು ಚೆನ್ನಾಗಿ ಸ್ಪಂದಿಸುವವರ ಆಯುಷ್ಯ ಈಗ ಇತರರ ಆಯುಷ್ಯದ ಹತ್ತಿರಕ್ಕೆ ಬಂದಿದೆ. ಮೈ ಹುಷಾರಾಗಿದೆ ಎಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಮೂರು ತಿಂಗಳಿಗೊಮ್ಮೆ ಮಾಡುವ ವಂಶವಾಹಿ ಪರೀಕ್ಷೆಯಲ್ಲಿ ಬಿಸಿಆರ್-ಎಬಿಎಲ್ ಪ್ರಮಾಣ ಏರಿದರೆ, ಲಕ್ಷಣಗಳು ಕಾಣಿಸುವ ಮೊದಲೇ ಎಚ್ಚರಿಕೆ ಸಿಗುತ್ತದೆ.

ಲಿಂಫೋಸೈಟ್‌ಗಳ ಸಾಲಿನಲ್ಲೂ ಇದೇ ವಿಂಗಡಣೆ ಇದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಕಣಗಳು ಎಳೆಯವು. ವಯಸ್ಸಾದವರಲ್ಲಿ ಕಾಣುವ ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೇಮಿಯಾದ ಕಣಗಳು ನೋಡಲು ಬಲಿತ ಲಿಂಫೋಸೈಟ್‌ಗಳೇ. ಆದರೆ ಇಲ್ಲಿ ಬಲಿತಂತೆ ಕಾಣುವುದೇ ಬೇರೆ, ಕೆಲಸ ಮಾಡುವುದೇ ಬೇರೆ. ಈ ಕಣಗಳು ಸರಿಯಾದ ಪ್ರತಿಕಾಯಗಳನ್ನು ಕೊಡಲಾರವು, ಹಾಗಾಗಿ ರೋಗಿಗೆ ಸೋಂಕುಗಳು ಪದೇಪದೇ ತಗಲುತ್ತವೆ. ಆದರೂ ಕಾಯಿಲೆ ಎಷ್ಟು ನಿಧಾನವೆಂದರೆ, ತೊಂದರೆಯಿಲ್ಲದ ಅನೇಕರಿಗೆ ವೈದ್ಯರು ಔಷಧಿಯನ್ನೇ ಕೊಡದೆ ಕಾಲಕಾಲಕ್ಕೆ ಪರೀಕ್ಷಿಸುತ್ತ ಕಾಯುತ್ತಾರೆ. ಕ್ಯಾನ್ಸರ್ ಎಂದು ಹೇಳಿ ಚಿಕಿತ್ಸೆ ಕೊಡದಿರುವುದು ಮನೆಯವರಿಗೆ ನಿರ್ಲಕ್ಷ್ಯದಂತೆ ಕಾಣಬಹುದು. ಆದರೆ ಇಂಥವರಲ್ಲಿ ಹಳೆಯ ಕೀಮೋಥೆರಪಿಯನ್ನು ಬೇಗ ಶುರುಮಾಡಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ನಿಧಾನದ ಕಾಯಿಲೆ ಸೌಮ್ಯವೆಂದಾಗಲಿ, ವೇಗದ ಕಾಯಿಲೆ ಗುಣವಾಗದೆಂದಾಗಲಿ ಭಾವಿಸಬಾರದು. ಒಳ್ಳೆಯ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಬಹುಪಾಲು ಜನ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಿಂದ ಪೂರ್ತಿ ಗುಣವಾಗುತ್ತಾರೆ. ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೇಮಿಯಾ ಹತೋಟಿಗೆ ಬರುತ್ತದೆ, ಆದರೆ ಬೇರುಸಹಿತ ಹೋಗುವುದು ಕಷ್ಟ.

ಬಲಿಯುವ ದಾರಿ ಕಟ್ಟಿಹೋದುದೇ ತೊಂದರೆಯಾದರೆ, ಆ ಕಟ್ಟನ್ನು ಬಿಡಿಸಿದರೆ ಸಾಲದೆ? ತೀವ್ರ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ಒಂದು ಬಗೆಯಲ್ಲಿ ಅದು ಸಾಧ್ಯವಾಗಿದೆ. ಇದರಲ್ಲಿ 15 ಮತ್ತು 17ನೇ ವರ್ಣತಂತುಗಳ ಅದಲುಬದಲಿನಿಂದ ಕಣಗಳು ಪ್ರೋಮೈಲೋಸೈಟ್ ಹಂತದಲ್ಲೇ ನಿಂತುಬಿಡುತ್ತವೆ. ಶಾಂಘೈನ ವಾಂಗ್ ಝೆನ್‌ಯಿ ಮತ್ತು ಸಂಗಡಿಗರು ‘ಎ’ ಜೀವಸತ್ವದಿಂದ ಬಂದ ಆಲ್-ಟ್ರಾನ್ಸ್ ರೆಟಿನೋಯಿಕ್ ಆಮ್ಲವನ್ನು ಇಂಥ 24 ರೋಗಿಗಳಿಗೆ ಕೊಟ್ಟು 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುತೇಕ ಎಲ್ಲರ ಮಜ್ಜೆಯೂ ಸಹಜ ಸ್ಥಿತಿಗೆ ಮರಳಿತ್ತು. ಔಷಧಿ ಕೆಟ್ಟ ಕಣಗಳನ್ನು ನೇರವಾಗಿ ಕೊಲ್ಲುವ ಬದಲು ಮುಂದಿನ ಹಂತಗಳಿಗೆ ತಳ್ಳಿತು. ಬಲಿತ ಕಣಗಳು ತಮ್ಮ ಪಾಲಿನ ಆಯುಷ್ಯ ಮುಗಿಸಿ ಸತ್ತವು. ಇದರ ಜೊತೆಗೆ ಆರ್ಸೆನಿಕ್ ಟ್ರೈಆಕ್ಸೈಡ್ ಸೇರಿಸಿದ ಮೇಲೆ, ಕಡಿಮೆ ಅಪಾಯದ ಗುಂಪಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಿದ್ದಾರೆ.

ಈ ಚಿಕಿತ್ಸೆಯಲ್ಲೂ ಎರಡು ಅಪಾಯಗಳಿವೆ. ಔಷಧಿ ಶುರುವಾದ ಮೊದಲ ವಾರಗಳಲ್ಲಿ ಒಮ್ಮೆಗೇ ಬಲಿಯತೊಡಗಿದ ಕಣಗಳು ಶ್ವಾಸಕೋಶಕ್ಕೆ ನುಗ್ಗಿ ಜ್ವರ, ಉಬ್ಬಸ, ತೂಕದ ಏರಿಕೆ ಉಂಟಾಗಬಹುದು. ಆಗ ತಡಮಾಡದೆ ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಇನ್ನೊಂದು ಅಪಾಯ ಚಿಕಿತ್ಸೆಗೂ ಮೊದಲೇ ಇರುವಂಥದ್ದು. ಈ ಪ್ರೋಮೈಲೋಸೈಟ್‌ಗಳು ಹೊರಬಿಡುವ ವಸ್ತುಗಳು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತವೆ, ಮೆದುಳಿನಲ್ಲಿ ರಕ್ತಸ್ರಾವವಾಗಿ ರೋಗಿ ಕೆಲವೇ ದಿನಗಳಲ್ಲಿ ಸಾಯಬಹುದು. ಆದ್ದರಿಂದ ರಕ್ತಲೇಪದಲ್ಲಿ ಕಟ್ಟು ಕಟ್ಟಾಗಿ ಔಅರ್ ಕಡ್ಡಿಗಳಿರುವ ಕಣಗಳು ಕಂಡು ಅನುಮಾನ ಬಂದ ಕೂಡಲೇ, ವಂಶವಾಹಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಮೊದಲ ಗುಳಿಗೆಯನ್ನು ಕೊಟ್ಟುಬಿಡುತ್ತಾರೆ. ಪರೀಕ್ಷೆಯಲ್ಲಿ ಬೇರೆ ಕಾಯಿಲೆ ಎಂದು ಗೊತ್ತಾದರೆ ಅದನ್ನು ಮರುದಿನ ನಿಲ್ಲಿಸಬಹುದು.