ಬೆರಳು ದಪ್ಪದ ಸರಳು, ಪರ್ಲಿನ್‌ನ ಭಾರ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಕತ್ತೆತ್ತಿ ನೋಡಿದರೆ ಮೊದಲು ಕಾಣುವುದು ಟ್ರಸ್, ಆಮೇಲೆ ಅದರ ಮೇಲೆ ಅಡ್ಡಲಾಗಿ ಮಲಗಿ ಶೀಟು ಹೊತ್ತಿರುವ ಪರ್ಲಿನ್‌ಗಳು. ಒಂದು ಪರ್ಲಿನ್‌ನಿಂದ ಇನ್ನೊಂದಕ್ಕೆ, ಸೂರಿನಿಂದ ನೆತ್ತಿಯವರೆಗೆ ಹಾದುಹೋಗುವ ತೆಳು ಸರಳುಗಳು ಎಷ್ಟೋ ಜನರ ಕಣ್ಣಿಗೇ ಬೀಳುವುದಿಲ್ಲ. ಫ್ಯಾಬ್ರಿಕೇಶನ್ನಿನವರು ಇವನ್ನು ಸ್ಯಾಗ್ ರಾಡ್ ಎನ್ನುತ್ತಾರೆ. ಖರ್ಚು ಕಡಿಮೆ ಮಾಡಲು ಹೊರಟ ಮಾಲೀಕರು ಮೊದಲು ಕೈ ಹಾಕುವುದೂ ಇವಕ್ಕೇ.

ಪರ್ಲಿನ್ ಚಾವಣಿಯ ಜೊತೆಗೇ ಓರೆಯಾಗಿ ಕೂತಿರುತ್ತದೆ. ಭಾರ ಮಾತ್ರ ನೆಟ್ಟಗೆ ನೆಲದ ಕಡೆಗೆ ಎಳೆಯುತ್ತದೆ. ಹಾಗಾಗಿ ಭಾರ ಎರಡಾಗಿ ಒಡೆಯುತ್ತದೆ: ಒಂದು ಪಾಲು ಶೀಟಿಗೆ ಲಂಬವಾಗಿ ಒತ್ತುತ್ತದೆ, ಇನ್ನೊಂದು ಇಳಿಜಾರಿನಗುಂಟ ಸೂರಿನ ಕಡೆಗೆ ಜಗ್ಗುತ್ತದೆ. ಪರ್ಲಿನ್ ಒಂದೇ ಹೊತ್ತಿಗೆ ಎರಡು ದಿಕ್ಕಿಗೆ ಬಾಗುತ್ತದೆ.

ಲೆಕ್ಕ ಹಾಕಿಯೇ ನೋಡಬಹುದು. ಟ್ರಸ್‌ಗಳ ನಡುವೆ 6 ಮೀಟರ್, ಪರ್ಲಿನ್‌ಗಳ ನಡುವೆ 1.35 ಮೀಟರ್, ಇಳಿಜಾರು 20 ಡಿಗ್ರಿ. ಐಎಸ್ 875ರ ಪ್ರಕಾರ 10 ಡಿಗ್ರಿಯವರೆಗಿನ ಚಾವಣಿಗೆ ಚದರ ಮೀಟರಿಗೆ 0.75 ಕಿಲೊನ್ಯೂಟನ್ ಲೈವ್ ಲೋಡ್ ಹಿಡಿಯಬೇಕು. ಅದರಾಚೆ ಪ್ರತಿ ಡಿಗ್ರಿಗೆ 0.02 ಕಳೆಯಬಹುದು. 20 ಡಿಗ್ರಿಗೆ 0.55, ಅಂದರೆ ಸುಮಾರು 56 ಕಿಲೊ. ಶೀಟಿನ ತೂಕ, ಪರ್ಲಿನ್‌ನ ಸ್ವಂತ ತೂಕ ಸೇರಿಸಿದರೆ ಪರ್ಲಿನ್‌ನ ಪ್ರತಿ ಮೀಟರಿಗೆ ಹತ್ತಿರಹತ್ತಿರ 100 ಕಿಲೊ. ಇದರಲ್ಲಿ 94 ಕಿಲೊ ಲಂಬವಾಗಿ, 34 ಕಿಲೊ ಇಳಿಜಾರಿನಗುಂಟ.

34 ಚಿಕ್ಕ ಅಂಕಿ ಅನ್ನಿಸುತ್ತದೆ. ಮೋಸ ಇರುವುದು ಅಲ್ಲೇ. ಶಾಲೆಯ ಪ್ಲಾಸ್ಟಿಕ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಿದರೆ ಜಗ್ಗದು, ಚಪ್ಪಟೆಯಾಗಿ ಹಿಡಿದರೆ ಎರಡು ಬೆರಳಿಗೇ ಬಾಗುತ್ತದೆ. ಚಾನೆಲ್ಲಿನ ಗುಣವೂ ಅದೇ. ಐಎಸ್‌ಎಂಸಿ 125 ಚಾನೆಲ್ಲಿನ ಸೆಕ್ಷನ್ ಮಾಡ್ಯುಲಸ್, ಅಂದರೆ ಬಾಗುವಿಕೆಯನ್ನು ತಾಳುವ ಅಳತೆ, ಗಟ್ಟಿ ದಿಕ್ಕಿನಲ್ಲಿ 66.6 ಘನ ಸೆಂ.ಮೀ. ಇದ್ದರೆ ಸಪೂರ ದಿಕ್ಕಿನಲ್ಲಿ ಬರೀ 13.1.

ಸ್ಯಾಗ್ ರಾಡ್ ಇಲ್ಲದಿದ್ದರೆ 94 ಕಿಲೊ ಭಾರದಿಂದ ಚದರ ಸೆಂ.ಮೀ.ಗೆ 635 ಕಿಲೊ ಒತ್ತಡ ಹುಟ್ಟುತ್ತದೆ. ಅದರ ಮೂರನೇ ಒಂದು ಪಾಲಿನಷ್ಟೇ ಇರುವ 34 ಕಿಲೊದಿಂದ 1,168! ಎರಡೂ ಚಾನೆಲ್ಲಿನ ಒಂದೇ ಮೂಲೆಯಲ್ಲಿ ಕೂಡುವುದರಿಂದ ಒಟ್ಟು 1,803. ಸಾಮಾನ್ಯ ಉಕ್ಕಿಗೆ ಹಳೆಯ ವರ್ಕಿಂಗ್ ಸ್ಟ್ರೆಸ್ ಪದ್ಧತಿಯಲ್ಲಿ ಒಪ್ಪುವುದು ಸುಮಾರು 1,680. ಚಾನೆಲ್ ನಪಾಸು.

ಈಗ ಪರ್ಲಿನ್‌ನ ನಟ್ಟನಡುವೆ ಒಂದು ಸ್ಯಾಗ್ ರಾಡ್ ಹಾಕೋಣ. ಗಟ್ಟಿ ದಿಕ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಇಳಿಜಾರಿನ ದಿಕ್ಕಿನಲ್ಲಿ 6 ಮೀಟರ್ ಅಂತರ 3 ಮೀಟರಿನ ಎರಡು ತುಂಡಾಗುತ್ತದೆ. ಬಾಗುವಿಕೆ ಅಂತರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 1,168 ಇದ್ದದ್ದು ಕಾಲು ಭಾಗಕ್ಕೆ, 292ಕ್ಕೆ ಬರುತ್ತದೆ. ಒಟ್ಟು 927. ಹಾಗಾದರೆ ಇನ್ನೂ ಸಣ್ಣ ಐಎಸ್‌ಎಂಸಿ 100 ಸಾಕಲ್ಲವೇ? ಒತ್ತಡದ ಲೆಕ್ಕದಲ್ಲಿ 1,644 ಬಂದು ಕೂದಲೆಳೆಯಲ್ಲಿ ಪಾರಾಗುತ್ತದೆ. ಆದರೆ ಪೂರ್ತಿ ಭಾರಕ್ಕೆ ಸುಮಾರು 4.2 ಸೆಂ.ಮೀ. ಜೋಲುತ್ತದೆ, ಲೋಹದ ಶೀಟಿಗೆ ಅಂತರದ 150ನೇ ಒಂದು ಭಾಗ, ಅಂದರೆ 4 ಸೆಂ.ಮೀ. ಮಿತಿ. ವಿವೇಕವುಳ್ಳ ಎಂಜಿನಿಯರ್ 125ಕ್ಕೇ ನಿಲ್ಲುತ್ತಾರೆ. ಐಎಸ್ 800:2007ರ ಹೊಸ ಪದ್ಧತಿಯಲ್ಲಿ ಅಂಕಿಗಳ ರೂಪ ಬೇರೆ, ತರ್ಕ ಇದೇ: ಎರಡು ದಿಕ್ಕಿನಲ್ಲೂ ಬಳಕೆಯಾದ ಸಾಮರ್ಥ್ಯದ ಪಾಲುಗಳನ್ನು ಕೂಡಿದರೆ 1 ದಾಟಬಾರದು.

ಸರಳಿನ ಮೇಲೆ ಬೀಳುವ ಎಳೆತವನ್ನು ಮರೆಯುವವರೇ ಹೆಚ್ಚು. ಪ್ರತಿ ಪರ್ಲಿನ್ ಅದರ ಮೇಲೆ ಸುಮಾರು 128 ಕಿಲೊ ಹೇರುತ್ತದೆ. ಒಂದು ಇಳಿಜಾರಿನಲ್ಲಿ ಎಂಟು ಪರ್ಲಿನ್ ಇದ್ದರೆ ಕೆಳಗಿನ ಸರಳಿಗೆ ಒಂದರ ಭಾರ, ಮೇಲಕ್ಕೆ ಹೋದಂತೆ ಕೂಡುತ್ತಾ ನೆತ್ತಿಯ ಕೆಳಗಿನದಕ್ಕೆ ಏಳರ ಭಾರ, ಸುಮಾರು 900 ಕಿಲೊ. 12 ಮಿ.ಮೀ. ಸರಳು ಇದನ್ನು ತಾಳುತ್ತದೆ. ಆದರೆ ಲೆಕ್ಕಕ್ಕೆ ಥ್ರೆಡ್ ಕೊರೆದು ಸಣ್ಣಗಾದ ಜಾಗವನ್ನೇ ಹಿಡಿಯಬೇಕು. ನೆತ್ತಿಯಲ್ಲಿ ಎರಡೂ ಕಡೆಯ ಪರ್ಲಿನ್‌ಗಳನ್ನು ಒಂದಕ್ಕೊಂದು ಕಟ್ಟಿದರೆ ಎರಡು ಇಳಿಜಾರಿನ ಎಳೆತ ಒಂದನ್ನೊಂದು ಸರಿದೂಗಿಸುತ್ತದೆ. ಆ ಒಂದು ತುಂಡು ಬಿಟ್ಟರೆ ಉಳಿದೆಲ್ಲ ಸರಳುಗಳಿದ್ದೂ ಪರ್ಲಿನ್‌ಗಳು ಒಟ್ಟಿಗೆ ಕೆಳಕ್ಕೆ ಬಾಗುತ್ತವೆ. ಒಂದೇ ಕಡೆ ಇಳಿಜಾರಿರುವ ಶೆಡ್ಡಿನಲ್ಲಿ ಎದುರು ಎಳೆಯುವವರಿಲ್ಲ. ಅಲ್ಲಿ ಮೇಲಿನ ತುದಿಯಿಂದ ಟ್ರಸ್‌ಗೆ ಓರೆ ಸರಳು ಕೊಡಬೇಕು. ಕೆಟ್ಟಿರುವುದನ್ನು ಗುರುತಿಸುವುದು ಸುಲಭ: ಕೆಳಗೆ ನಿಂತು ಪರ್ಲಿನ್‌ನ ಉದ್ದಕ್ಕೂ ಕಣ್ಣು ಹಾಯಿಸಿದರೆ ನಡುವೆ ಸೂರಿನ ಕಡೆಗೆ ಬಾಗಿರುತ್ತದೆ, ಅಥವಾ ಸರಳನ್ನು ಕೋಲಿನಿಂದ ತಟ್ಟಿದರೆ ಸಡಿಲವಾಗಿ ಅಲ್ಲಾಡುತ್ತದೆ.

ಗಾಳಿಯ ಲೆಕ್ಕ ಬೇರೆಯೇ. ಅದು ಶೀಟನ್ನು ಲಂಬವಾಗಿ ಮೇಲಕ್ಕೆ ಹೀರುತ್ತದೆ, ಇಳಿಜಾರಿನಗುಂಟ ಎಳೆಯುವುದಿಲ್ಲ. ಆಗ ಪರ್ಲಿನ್‌ನ ಕೆಳ ಅಂಚು ಒತ್ತಡಕ್ಕೆ ಸಿಕ್ಕು ಪಕ್ಕಕ್ಕೆ ಹೊರಳಲು ನೋಡುತ್ತದೆ. ಮೇಲಂಚನ್ನು ಶೀಟು ಹಿಡಿದಿರುತ್ತದೆ, ಕೆಳಂಚನ್ನು ಯಾರೂ ಹಿಡಿದಿರುವುದಿಲ್ಲ. ಮೇಲಂಚಿನ ಹತ್ತಿರ ಕಟ್ಟಿದ ಸ್ಯಾಗ್ ರಾಡ್ ಇಲ್ಲಿ ಹೆಚ್ಚು ನೆರವಾಗದು. ಬಲವಾದ ಗಾಳಿಯ ಊರಿನಲ್ಲಿ ಶೆಡ್ ಕಟ್ಟುವವರು ಈ ಹೊರಳುವಿಕೆಗೆ ಬೇರೆಯೇ ಲೆಕ್ಕ ಹಾಕಿಸಿ, ಬೇಕಿದ್ದರೆ ಕೆಳಂಚಿನಿಂದ ಪಕ್ಕದ ಪರ್ಲಿನ್‌ಗೆ ಆಂಗಲ್ ತುಂಡಿನ ಆಧಾರ ಕೊಡಿಸುತ್ತಾರೆ.