ಕೊರತೆ ತುಂಬಿದ ಡಾಲರ್ ಯಾರದು?

2012-13ರಲ್ಲಿ ಭಾರತದ ಚಾಲ್ತಿ ಖಾತೆ ಕೊರತೆ 8,820 ಕೋಟಿ ಡಾಲರ್ ಮುಟ್ಟಿತು. ಅದು ದೇಶದ ಒಟ್ಟು ಆಂತರಿಕ ಉತ್ಪನ್ನದ ಶೇ 4.8ರಷ್ಟು. ಅಷ್ಟು ದೊಡ್ಡ ಕೊರತೆಯನ್ನು ದೇಶ ಅದಕ್ಕೆ ಮುಂಚೆ ಕಂಡಿರಲಿಲ್ಲ. ಆದರೆ ಅದೇ ವರ್ಷದ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ. ರಿಸರ್ವ್ ಬ್ಯಾಂಕಿನ ವಿದೇಶಿ ವಿನಿಮಯ ಮೀಸಲಿಗೆ ಪಾವತಿ ಲೆಕ್ಕದಿಂದ ಸುಮಾರು 380 ಕೋಟಿ ಡಾಲರ್ ಸೇರಿತ್ತು. ಖರ್ಚು ಗಳಿಕೆಯನ್ನು ಅಷ್ಟೊಂದು ಮೀರಿದ ವರ್ಷದಲ್ಲೂ ಬೊಕ್ಕಸದ ಡಾಲರ್ ಕರಗಲಿಲ್ಲ, ಬೆಳೆಯಿತು. ಅದಾಗಿ ಐದೇ ತಿಂಗಳಲ್ಲಿ ರೂಪಾಯಿ ನೆಲಕಚ್ಚಿತು. ಇವೆರಡೂ ಹೇಗೆ ಸಾಧ್ಯವಾದವು ಎಂಬುದು ಗೊತ್ತಾಗಬೇಕಾದರೆ ಪಾವತಿ ಶೇಷದ ಲೆಕ್ಕವನ್ನು ಬಿಡಿಸಿ ನೋಡಬೇಕು.

ಒಂದು ದೇಶದ ಜನ, ಕಂಪನಿ, ಸರ್ಕಾರ ಎಲ್ಲರೂ ಹೊರದೇಶದವರ ಜೊತೆ ಒಂದು ಅವಧಿಯಲ್ಲಿ ನಡೆಸಿದ ವ್ಯವಹಾರದ ದಾಖಲೆಯೇ ಪಾವತಿ ಶೇಷ. ಅದರಲ್ಲಿ ಮುಖ್ಯವಾಗಿ ಎರಡು ಭಾಗ. ಸರಕು, ಸೇವೆ, ಬಡ್ಡಿ, ಲಾಭಾಂಶ, ಮನೆಗೆ ಕಳಿಸುವ ಹಣ ಇವೆಲ್ಲ ಚಾಲ್ತಿ ಖಾತೆಗೆ ಸೇರುತ್ತವೆ. ಹೂಡಿಕೆ, ಸಾಲ, ಠೇವಣಿಯಂತಹವು ಬಂಡವಾಳ ಖಾತೆಗೆ. ಭೇದ ಇರುವುದು ಒಂದೇ ಕಡೆ: ಚಾಲ್ತಿ ಖಾತೆಯಲ್ಲಿ ಬಂದ ಹಣವನ್ನು ಹಿಂದಿರುಗಿಸಬೇಕಿಲ್ಲ, ಬಂಡವಾಳ ಖಾತೆಯಲ್ಲಿ ಬಂದದ್ದರ ಮೇಲೆ ಹೊರಗಿನವರ ಹಕ್ಕು ಉಳಿದಿರುತ್ತದೆ. ಕುವೈತ್‌ನಲ್ಲಿ ದುಡಿಯುವ ಉಡುಪಿಯ ಯುವಕ ಅಮ್ಮನ ಖರ್ಚಿಗೆ 500 ಡಾಲರ್ ಕಳಿಸಿದರೆ ಅದು ಚಾಲ್ತಿ ಖಾತೆಯ ಜಮೆ. ಅದೇ 500 ಡಾಲರನ್ನು ಅವನು ಭಾರತದ ಬ್ಯಾಂಕಿನಲ್ಲಿ ಅನಿವಾಸಿ ಠೇವಣಿಯಾಗಿ ಇಟ್ಟರೆ ಅದು ಬಂಡವಾಳ ಖಾತೆಗೆ ಹೋಗುತ್ತದೆ. ದೇಶಕ್ಕೆ ಬಂದದ್ದು ಎರಡೂ ಸಲ ಅಷ್ಟೇ ಡಾಲರ್. ಆದರೆ ಎರಡನೆಯದು ಸಾಲ, ಅವಧಿ ಮುಗಿದ ದಿನ ಬಡ್ಡಿ ಸಮೇತ ಕೊಡಬೇಕು.

ಈ ಲೆಕ್ಕ ಜೋಡಿ ನಮೂದಿನದು. ಪ್ರತಿ ವ್ಯವಹಾರವೂ ಎರಡು ಕಡೆ ಬರೆದುಕೊಳ್ಳುತ್ತದೆ. ಒಬ್ಬ ಆಮದುದಾರ ಹೊರದೇಶದಿಂದ 10 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು 90 ದಿನದ ಕಡಕ್ಕೆ ತರಿಸಿದ ಎಂದುಕೊಳ್ಳಿ. ಚಿನ್ನ ದೇಶದೊಳಗೆ ಬಂದ ಕೂಡಲೇ ಚಾಲ್ತಿ ಖಾತೆಯಲ್ಲಿ 10 ಲಕ್ಷ ಖರ್ಚು ಬೀಳುತ್ತದೆ. ಮಾರಿದವನು ಕೊಟ್ಟ ಕಡ ಅದೇ ಹೊತ್ತಿಗೆ ಬಂಡವಾಳ ಖಾತೆಯಲ್ಲಿ ಅಲ್ಪಾವಧಿ ವ್ಯಾಪಾರ ಸಾಲವೆಂದು 10 ಲಕ್ಷ ಜಮೆಯಾಗುತ್ತದೆ. ಕೊರತೆ ಹುಟ್ಟಿದ ಗಳಿಗೆಯಲ್ಲೇ ಅದನ್ನು ತುಂಬುವ ಹಣವೂ ಹುಟ್ಟಿತು. ತೊಂದರೆ ಕಾಣಿಸುವುದು 91ನೇ ದಿನ. ಕಡ ತೀರಿಸಲು ಅವನಿಗೆ ನಿಜವಾದ ಡಾಲರ್ ಬೇಕು. ಹೊಸ ಕಡ ಸಿಕ್ಕರೆ ಹಳೆಯದು ತೀರುತ್ತದೆ. ಸಿಗದಿದ್ದರೆ ಅವನು ಮಾರುಕಟ್ಟೆಗೆ ಹೋಗಿ ಸಿಕ್ಕ ಬೆಲೆಗೆ ಡಾಲರ್ ಕೊಳ್ಳಬೇಕು.

ಆದ್ದರಿಂದ ಒಂದು ದೇಶದ ಕೊರತೆ ತುಂಬಿದೆಯೇ ಎಂದು ಕೇಳಿ ಪ್ರಯೋಜನವಿಲ್ಲ. ಲೆಕ್ಕದಲ್ಲಿ ಅದು ಯಾವಾಗಲೂ ತುಂಬಿಯೇ ಇರುತ್ತದೆ. ತುಂಬಿದವರು ಯಾರು, ಅವರು ಹಣವನ್ನು ಎಷ್ಟು ಬೇಗ ವಾಪಸ್ ಕೇಳಬಹುದು ಎಂದು ಕೇಳಬೇಕು.

2012-13ರ ಕೊರತೆಯ ಮೂಲ ಸರಕಿನ ವ್ಯಾಪಾರದಲ್ಲಿತ್ತು. ಭಾರತ ಆ ವರ್ಷ ಸುಮಾರು 30,660 ಕೋಟಿ ಡಾಲರ್‌ನ ಸರಕು ಮಾರಿ, 50,220 ಕೋಟಿ ಡಾಲರ್‌ನ ಸರಕು ಕೊಂಡಿತು. ಅಂತರ ಹತ್ತಿರ ಹತ್ತಿರ 19,570 ಕೋಟಿ. ಅದರ ಅರ್ಧಕ್ಕೂ ಹೆಚ್ಚನ್ನು ತುಂಬಿಕೊಟ್ಟದ್ದು ಕಣ್ಣಿಗೆ ಕಾಣದ ಗಳಿಕೆ. ಬೆಂಗಳೂರಿನಂತಹ ಊರುಗಳ ಸಾಫ್ಟ್‌ವೇರ್ ಕಂಪನಿಗಳು ತಂದ ಸೇವಾ ಆದಾಯ, ಹೊರಗೆ ದುಡಿಯುವವರು ಮನೆಗೆ ಕಳಿಸಿದ ಹಣ, ಇವೆರಡೂ ಹೆಚ್ಚುಕಡಿಮೆ ಸಮಸಮವಾಗಿ ಆಸರೆಯಾದವು. ಹೂಡಿಕೆದಾರರಿಗೆ ಹೋದ ಬಡ್ಡಿ, ಲಾಭಾಂಶ ಕಳೆದ ಮೇಲೆ ಉಳಿದ 10,750 ಕೋಟಿ ಡಾಲರ್ ವ್ಯಾಪಾರದ ಅಂತರಕ್ಕೆ ಹೊಂದಿಕೆಯಾಯಿತು. ಮಿಕ್ಕದ್ದೇ ಆ 8,820 ಕೋಟಿ.

ಆಮದಿನಲ್ಲಿ ಕಚ್ಚಾ ತೈಲದ್ದೇ ದೊಡ್ಡ ಪಾಲು, ಅದು ಎಂದಿನ ಮಾತು. ಹೊಸದಾಗಿದ್ದದ್ದು ಚಿನ್ನದ ಹುಚ್ಚು. ಆ ಒಂದು ವರ್ಷದಲ್ಲಿ 800 ಟನ್‌ಗೂ ಹೆಚ್ಚು ಚಿನ್ನ ಬಂತು, ಬೆಲೆ ಸುಮಾರು 5,400 ಕೋಟಿ ಡಾಲರ್. ಇದನ್ನು ಹೆಂಗಸರ ಒಡವೆ ಆಸೆಗೆ ಕಟ್ಟಿದವರೇ ಹೆಚ್ಚು. ಅದು ಅನ್ಯಾಯದ ಮಾತು. ಗ್ರಾಹಕ ಬೆಲೆಗಳು ವರ್ಷಕ್ಕೆ ಶೇ 10ರ ಆಸುಪಾಸು ಏರುತ್ತಿದ್ದಾಗ ಬ್ಯಾಂಕಿನ ಠೇವಣಿ ಅದಕ್ಕಿಂತ ಕಡಿಮೆ ಬಡ್ಡಿ ಕೊಡುತ್ತಿತ್ತು. ಉಳಿತಾಯ ಕರಗದಿರಲಿ ಎಂದು ಸಂಸಾರಸ್ಥರು ಚಿನ್ನಕ್ಕೆ ಮೊರೆಹೋದರು. ದೇಶದೊಳಗಿನ ಹಣದುಬ್ಬರವೇ ವೇಷ ಬದಲಿಸಿ ಗಡಿಯ ಲೆಕ್ಕದಲ್ಲಿ ಕುಳಿತಿತ್ತು.

ರಫ್ತಿನ ಕಡೆ ಕರ್ನಾಟಕಕ್ಕೆ ನೇರ ನಂಟಿದ್ದ ಪೆಟ್ಟೂ ಒಂದಿತ್ತು. 2009-10ರಲ್ಲಿ ಭಾರತ 10 ಕೋಟಿ ಟನ್‌ಗೂ ಹೆಚ್ಚು ಕಬ್ಬಿಣದ ಅದಿರನ್ನು ಹೊರಗೆ ಮಾರಿತ್ತು. ಅಕ್ರಮ ಗಣಿಗಾರಿಕೆಯ ಹಗರಣದ ನಡುವೆ 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮರುವರ್ಷ ಗೋವಾದಲ್ಲೂ ಹಾಗೇ ಆಯಿತು. 2012-13ರ ಹೊತ್ತಿಗೆ ಅದಿರು ರಫ್ತು 2 ಕೋಟಿ ಟನ್‌ಗಿಂತ ಕೆಳಗಿಳಿದಿತ್ತು. ಸಂಡೂರಿನ ಬೆಟ್ಟಗಳಿಗೆ ಆದ ಹಾನಿಯನ್ನು ಕಂಡವರು ಆ ತೀರ್ಪನ್ನು ಒಪ್ಪದಿರಲಾರರು. ಆದರೂ ಹೋದ ಡಾಲರ್ ಹೋದದ್ದೇ.

ಹಾಗಾದರೆ 8,820 ಕೋಟಿಯನ್ನು ತುಂಬಿದವರು ಯಾರು? ಕಾರ್ಖಾನೆ, ಕಚೇರಿ ಕಟ್ಟಲು ಬರುವ ನೇರ ಹೂಡಿಕೆ ನಿವ್ವಳ ಸುಮಾರು 1,980 ಕೋಟಿ ಡಾಲರ್ ಮಾತ್ರ. ಅದು ಬೇರು ಬಿಡುವ ಹಣ, ಹೆದರಿದರೂ ಒಂದೇ ದಿನದಲ್ಲಿ ಓಡಿಹೋಗಲಾರದು. ಅದಕ್ಕಿಂತ ಹೆಚ್ಚಾಗಿ, 2,690 ಕೋಟಿಯಷ್ಟು, ಷೇರು ಮತ್ತು ಸಾಲಪತ್ರ ಮಾರುಕಟ್ಟೆಗೆ ಬಂದಿತ್ತು. ಅದು ಬೆಳಿಗ್ಗೆ ಬಂದು ಸಂಜೆ ಹೋಗಬಲ್ಲದು. ಅಲ್ಪಾವಧಿ ವ್ಯಾಪಾರ ಸಾಲ ಸುಮಾರು 2,170 ಕೋಟಿ. ಅನಿವಾಸಿ ಭಾರತೀಯರ ಠೇವಣಿ 1,480 ಕೋಟಿಯ ಹತ್ತಿರ. ಕಂಪನಿಗಳು ಹೊರಗೆ ಎತ್ತಿದ ಸಾಲ ಇತ್ಯಾದಿ ಸೇರಿ ಒಟ್ಟು 8,930 ಕೋಟಿ ಬಂತು. ಲೆಕ್ಕಕ್ಕೆ ಸಿಗದ ಸಣ್ಣ ವ್ಯತ್ಯಾಸವನ್ನೂ ಕೂಡಿಸಿದಾಗ ಮೀಸಲಿಗೆ ಸೇರಿದ್ದೇ ಆ 380 ಕೋಟಿ.

ಅಪಾಯ ಎಲ್ಲಿತ್ತು ಎಂಬುದು ಮತ್ತೊಂದು ಪಟ್ಟಿಯಲ್ಲಿ ಸಿಗುತ್ತದೆ. 2013ರ ಮಾರ್ಚ್ ಕೊನೆಗೆ ಮುಂದಿನ ಒಂದು ವರ್ಷದೊಳಗೆ ತೀರಿಸಬೇಕಾಗಿದ್ದ ವಿದೇಶಿ ಸಾಲ 17,200 ಕೋಟಿ ಡಾಲರ್ ದಾಟಿತ್ತು. ಮೀಸಲು ಇದ್ದದ್ದು 29,200 ಕೋಟಿ. ಮೀಸಲಿನ ಶೇ 59ರಷ್ಟಕ್ಕೆ ವರ್ಷದೊಳಗಿನ ವಾಯಿದೆ ಇತ್ತು. ಈ ಅನುಪಾತ ಪತ್ರಿಕೆಗಳ ಮುಖಪುಟಕ್ಕೆ ಬರುವುದು ತೀರಾ ಅಪರೂಪ. ಕೊರತೆಯ ಶೇಕಡಾವಾರಿಗಿಂತ ಅದೇ ಹೆಚ್ಚು ಹೇಳುತ್ತದೆ.

2013ರ ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ, ಮಾರುಕಟ್ಟೆಗೆ ಹಣ ಸುರಿಯುವ ಸಾಲಪತ್ರ ಖರೀದಿಯನ್ನು ಮುಂದಿನ ಸಭೆಗಳಲ್ಲಿ ತಗ್ಗಿಸಬಹುದು ಎಂದು ಸೂಚಿಸಿದರು. ಖರೀದಿ ಇನ್ನೂ ನಿಂತಿರಲಿಲ್ಲ, ಸುಳಿವಷ್ಟೇ ಸಿಕ್ಕಿತ್ತು. ಅಮೆರಿಕದಲ್ಲಿ ಬಡ್ಡಿ ಏರುವುದಾದರೆ ಭಾರತದ ಸಾಲಪತ್ರದಲ್ಲಿ ಹಣ ಏಕಿಡಬೇಕು ಎಂದು ವಿದೇಶಿ ಹೂಡಿಕೆದಾರರು ಮಾರಲು ನಿಂತರು. ಅತ್ತ ಅವರು ಡಾಲರ್ ಒಯ್ಯುತ್ತಿದ್ದರೆ, ಇತ್ತ ಆಮದುದಾರರು ನಾಳೆ ಇನ್ನೂ ತುಟ್ಟಿಯಾದೀತು ಎಂದು ಇಂದೇ ಕೊಂಡರು. ರಫ್ತುದಾರರು ಹೊರಗಿನ ಗಳಿಕೆಯನ್ನು ತರುವುದನ್ನು ಮುಂದೂಡಿದರು. ಮೇ ತಿಂಗಳಲ್ಲಿ 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ರಂದು 68 ರೂಪಾಯಿ ದಾಟಿತು.

ಸರ್ಕಾರ ಚಿನ್ನದ ಆಮದು ಸುಂಕವನ್ನು ಹಂತಹಂತವಾಗಿ ಏರಿಸಿ ಆಗಸ್ಟ್‌ನಲ್ಲಿ ಶೇ 10ಕ್ಕೆ ತಂದಿತ್ತು. ತಂದ ಚಿನ್ನದಲ್ಲಿ ಐದನೇ ಒಂದು ಭಾಗವನ್ನು ರಫ್ತಿಗೇ ಮೀಸಲಿಡಬೇಕು ಎಂಬ ನಿಯಮವೂ ಬಂತು. ಆಮದು ಬಿದ್ದುಹೋಯಿತು, ಆದರೆ ಬಯಕೆ ಬೀಳಲಿಲ್ಲ. ಮಂಗಳೂರು, ಬೆಂಗಳೂರು ವಿಮಾನ ನಿಲ್ದಾಣಗಳಲ್ಲಿ ಕಸ್ಟಮ್ಸ್‌ನವರು ಪ್ರಯಾಣಿಕರಿಂದ ಚಿನ್ನ ಹಿಡಿದ ಸುದ್ದಿಗಳು ಸಾಮಾನ್ಯವಾದವು. ಕಳ್ಳದಾರಿಯ ಚಿನ್ನ ಆಮದಿನ ಲೆಕ್ಕಕ್ಕೆ ಬರುವುದಿಲ್ಲ. ಅದರ ಬೆಲೆ ಸಾಮಾನ್ಯವಾಗಿ ಹವಾಲಾದಲ್ಲಿ ತೀರುತ್ತದೆ, ಅಂದರೆ ಬ್ಯಾಂಕಿನ ಮೂಲಕ ಬರಬೇಕಿದ್ದ ಗಲ್ಫ್ ದುಡಿಮೆಯ ಹಣವೂ ಲೆಕ್ಕದಿಂದ ಜಾರುತ್ತದೆ. ಕಾಗದದ ಮೇಲೆ ಇಳಿದ ಕೊರತೆಯಷ್ಟೂ ನಿಜವಾಗಿ ಇಳಿದದ್ದಲ್ಲ.

ಬಿರುಗಾಳಿ ತಣಿಸಿದ್ದು ಬೇರೊಂದು ಉಪಾಯ. ಸೆಪ್ಟೆಂಬರ್ 4ರಂದು ರಿಸರ್ವ್ ಬ್ಯಾಂಕ್ ಗವರ್ನರ್ ಹುದ್ದೆಗೆ ಬಂದ ರಘುರಾಮ್ ರಾಜನ್ ಅದೇ ದಿನ ಅನಿವಾಸಿಗಳ ಡಾಲರ್ ಠೇವಣಿಗೆ ವಿಶೇಷ ವಿನಿಮಯ ಸೌಲಭ್ಯ ಪ್ರಕಟಿಸಿದರು. ಠೇವಣಿ ಕನಿಷ್ಠ ಮೂರು ವರ್ಷದ್ದಾಗಿರಬೇಕು. ಬ್ಯಾಂಕು ಆ ಡಾಲರನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟು ರೂಪಾಯಿ ಪಡೆಯುತ್ತದೆ. ಅವಧಿ ಮುಗಿದಾಗ ಅಷ್ಟೇ ಡಾಲರನ್ನು, ಕೊಟ್ಟ ದಿನದ ದರಕ್ಕೆ ವರ್ಷಕ್ಕೆ ಶೇ 3.5 ಸೇರಿಸಿ, ಮರಳಿ ಕೊಳ್ಳುತ್ತದೆ. ಕೊಟ್ಟ ದಿನ ಡಾಲರ್ 63 ರೂಪಾಯಿ ಇದ್ದರೆ ಮೂರು ವರ್ಷದ ನಂತರ ಕೊಳ್ಳುವ ದರ 70 ರೂಪಾಯಿಯ ಆಸುಪಾಸು. ಮಧ್ಯೆ ಡಾಲರ್ 80ಕ್ಕೆ ಹಾರಿದರೂ ಬ್ಯಾಂಕಿಗೆ ಚಿಂತೆಯಿಲ್ಲ, ನಷ್ಟ ರಿಸರ್ವ್ ಬ್ಯಾಂಕಿನದು. ಮಾರುಕಟ್ಟೆಯಲ್ಲಿ ಇಂಥ ರಕ್ಷಣೆಗೆ ಇದಕ್ಕಿಂತ ಬಹಳ ಹೆಚ್ಚು ಬೆಲೆ ಇತ್ತು. ಹಾಗಾಗಿ ಬ್ಯಾಂಕುಗಳು ಅನಿವಾಸಿಗಳಿಗೆ ಒಳ್ಳೆಯ ಬಡ್ಡಿ ಕೊಡಬಲ್ಲವಾದವು. ಸ್ವಲ್ಪ ಸ್ವಂತ ಹಣ ಹಾಕಿ, ಉಳಿದದ್ದನ್ನು ಹೊರಗಿನ ಬ್ಯಾಂಕಿನಿಂದ ಕಡಿಮೆ ಬಡ್ಡಿಗೆ ಸಾಲ ತಂದು ಠೇವಣಿ ಇಟ್ಟವರೂ ಇದ್ದರು.

ನವೆಂಬರ್ ಕೊನೆಗೆ ಸೌಲಭ್ಯ ಮುಚ್ಚುವಷ್ಟರಲ್ಲಿ, ಬ್ಯಾಂಕುಗಳು ಹೊರಗೆ ಎತ್ತಿದ ಸಾಲಕ್ಕೆ ಕೊಟ್ಟ ಇಂಥದ್ದೇ ಅವಕಾಶವೂ ಸೇರಿ 3,400 ಕೋಟಿ ಡಾಲರ್ ಬಂದಿತ್ತು. ಅದರಲ್ಲಿ ಸುಮಾರು 2,600 ಕೋಟಿ ಅನಿವಾಸಿ ಠೇವಣಿ. 2013-14ರ ಚಾಲ್ತಿ ಖಾತೆ ಕೊರತೆ ಶೇ 1.7ಕ್ಕೆ ಇಳಿಯಿತು. ರೂಪಾಯಿ ಚೇತರಿಸಿಕೊಂಡಿತು. ಆದರೆ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಆದದ್ದು ಇಷ್ಟೇ: ಯಾವ ದಿನ ಬೇಕಾದರೂ ಹೊರಡಬಲ್ಲ ಹಣದ ಜಾಗದಲ್ಲಿ ಮೂರು ವರ್ಷ ಕೂರಲು ಒಪ್ಪಿದ ಹಣ ಬಂದಿತ್ತು. ಬೀಳಬಹುದಾದ ರೂಪಾಯಿಯ ಭಾರವನ್ನು ರಿಸರ್ವ್ ಬ್ಯಾಂಕ್, ಅಂದರೆ ಕೊನೆಗೆ ಜನರ ಬೊಕ್ಕಸ, ಹೊತ್ತಿತ್ತು. ಮಾರುಕಟ್ಟೆ ದರಕ್ಕಿಂತ ಅಗ್ಗವಾಗಿ ಕೊಟ್ಟ ಆ ರಕ್ಷಣೆಯ ಲಾಭ ಹೆಚ್ಚಾಗಿ ಉಳ್ಳವರ ಪಾಲಾಯಿತು ಎಂಬ ಟೀಕೆಯಲ್ಲಿ ಹುರುಳಿದೆ. ಆಗಸ್ಟ್‌ನ ಆ ವಾರಗಳಲ್ಲಿ ಬೇರೆ ದಾರಿ ಅಷ್ಟು ಬೇಗ ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಠೇವಣಿಗಳು 2016ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ವಾಯಿದೆಗೆ ಬಂದವು. ಒಮ್ಮೆಗೇ 2,600 ಕೋಟಿ ಡಾಲರ್ ಹೊರಹೋದರೆ ಮಾರುಕಟ್ಟೆ ತಡೆದೀತೇ ಎಂಬ ಆತಂಕ ಬಹಳ ತಿಂಗಳು ಮೊದಲೇ ಶುರುವಾಗಿತ್ತು. ರಿಸರ್ವ್ ಬ್ಯಾಂಕ್ ಆ ದಿನಗಳಿಗಾಗಿ ಮುಂಗಡ ಒಪ್ಪಂದದಲ್ಲಿ ಡಾಲರ್ ಕೊಂಡಿಟ್ಟಿತ್ತು. ಅಷ್ಟರಲ್ಲಿ ತೈಲದ ಬೆಲೆ ಕುಸಿದು ಚಾಲ್ತಿ ಖಾತೆ ಕೊರತೆಯೂ ಸಣ್ಣದಾಗಿತ್ತು. ಮರುಪಾವತಿ ನಡೆದ ಆ ತಿಂಗಳುಗಳಲ್ಲಿ ಡಾಲರ್ 66ರಿಂದ 69 ರೂಪಾಯಿಯ ನಡುವೆಯೇ ಇತ್ತು, ಬ್ಯಾಂಕುಗಳು ಮೂರು ವರ್ಷ ಹಿಂದೆ ಒಪ್ಪಿಕೊಂಡಿದ್ದ ದರಕ್ಕಿಂತ ತುಸು ಕೆಳಗೆ.